ಹೊಸ ಮನೋಭಾವ ಸ್ಕೇಲ್‌ಗೆ ಯಾವ ಲೆಕ್ಕ: ಆಲ್ಫಾ, ಒಮೆಗಾ, ಇಬ್ಭಾಗ?

ಕಾಸರಗೋಡಿನ ಕಡೆಯಿಂದ ಎಂ.ಎಸ್ಸಿ. ನರ್ಸಿಂಗ್ ಮಾಡುವ ಮಕ್ಕಳು ಪ್ರಬಂಧಕ್ಕೆ ಹೊಸ ಸ್ಕೇಲ್ ಕಟ್ಟಿಕೊಂಡು ಬಂದಾಗ ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: "ಆಲ್ಫಾ 0.7 ದಾಟಿದೆ, ಸಾಕಲ್ವಾ ಟೀಚರ್?" ಸಾಕೋ ಬೇಡವೋ ಎಂಬುದನ್ನು ಆ ಒಂದು ಸಂಖ್ಯೆ ನೋಡಿ ಹೇಳಲು ಆಗುವುದಿಲ್ಲ. ಸ್ಕೇಲಿನ ವಿಶ್ವಾಸಾರ್ಹತೆ ಅಳೆಯಲು ಆಲ್ಫಾ ಜೊತೆಗೆ ಒಮೆಗಾ ಇದೆ, ಸ್ಕೇಲನ್ನು ಎರಡು ಭಾಗ ಮಾಡಿ ನೋಡುವ ವಿಧಾನ ಇದೆ, ಆರ್ಡಿನಲ್ ಆಲ್ಫಾ ಇದೆ. ಯಾವುದನ್ನು ಯಾವಾಗ ಆರಿಸಬೇಕು, ಯಾವುದು ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ.

ಕೇರಳದಲ್ಲಿ ಪಂಚಾಯತ್‌ಗಳ ಮೂಲಕ ಪಾಲಿಯೇಟಿವ್ ಮನೆ ಭೇಟಿ ನಡೆಯುತ್ತದೆ. ಹಾಗಾಗಿ ನಮ್ಮ ಕಡೆಯ ವಿದ್ಯಾರ್ಥಿನಿಯೊಬ್ಬಳು ಆರಿಸಬಹುದಾದ ವಿಷಯ ಇದು: ಹಾಸಿಗೆ ಹಿಡಿದವರ ಮನೆ ಆರೈಕೆಯ ಬಗ್ಗೆ ನರ್ಸಿಂಗ್ ವಿದ್ಯಾರ್ಥಿಗಳ ಮನೋಭಾವ. ಅವಳು 12 ಹೇಳಿಕೆಗಳನ್ನು ಬರೆಯುತ್ತಾಳೆ. ಪ್ರತಿಯೊಂದಕ್ಕೂ "ಖಂಡಿತ ಒಪ್ಪುವುದಿಲ್ಲ" ಎಂಬುದಕ್ಕೆ 1, "ಖಂಡಿತ ಒಪ್ಪುತ್ತೇನೆ" ಎಂಬುದಕ್ಕೆ 5 ಅಂಕ. ಎಂಟು ಹೇಳಿಕೆಗಳು ನೇರವಾದವು. ಉದಾಹರಣೆಗೆ, "ಮನೆಗೆ ಹೋಗಿ ಆರೈಕೆ ಮಾಡುವುದು ನರ್ಸ್ ಕೆಲಸದ ಮುಖ್ಯ ಭಾಗ." ಉಳಿದ ನಾಲ್ಕು ಉಲ್ಟಾ ಹೇಳಿಕೆಗಳು. "ಗುಣವಾಗದ ರೋಗಿಗೆ ಇಷ್ಟು ಸಮಯ ಕೊಡುವುದರಲ್ಲಿ ಅರ್ಥವಿಲ್ಲ" ಅನ್ನುವಂಥವು. ಇವುಗಳ ಅಂಕವನ್ನು ತಿರುಗಿಸಿ ಕೂಡಿಸಬೇಕು: 5 ಇದ್ದದ್ದು 1, 4 ಇದ್ದದ್ದು 2.

ಇನ್ನು ಮುಂದಿನ ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನೇ ಜೋಡಿಸಿದವು. ಯಾವ ಕಾಲೇಜಿನ ಡೇಟಾವೂ ಅಲ್ಲ. ಪ್ರತಿ ಹೇಳಿಕೆಯ ವೇರಿಯನ್ಸ್ 1 ಎಂದು ಇಟ್ಟುಕೊಳ್ಳಿ. ನೇರ ಹೇಳಿಕೆಗಳ ನಡುವೆ ಕೋರಿಲೇಶನ್ 0.40. ಉಲ್ಟಾ ಹೇಳಿಕೆಗಳ ನಡುವೆಯೂ, ಅಂಕ ತಿರುಗಿಸಿದ ಮೇಲೆ, 0.40. ಆದರೆ ಒಂದು ನೇರ, ಒಂದು ಉಲ್ಟಾ ತೆಗೆದುಕೊಂಡರೆ ಕೋರಿಲೇಶನ್ ಬರೀ 0.05. ಅಂದರೆ ಈ ಎರಡು ಗುಂಪುಗಳಿಗೆ ಪರಸ್ಪರ ಸಂಬಂಧ ಇಲ್ಲವೆಂದೇ ಹೇಳಬಹುದು. ಇದು ನಮಗೆ ಗೊತ್ತು, ಅವಳಿಗೆ ಇನ್ನೂ ಗೊತ್ತಿಲ್ಲ. ಯಾವ ಲೆಕ್ಕ ಅವಳಿಗೆ ಇದನ್ನು ಹೇಳುತ್ತದೆ?

ಮೊದಲು ಆಲ್ಫಾ

ಕ್ರೋನ್‌ಬ್ಯಾಕ್ 1951ರಲ್ಲಿ ಬರೆದ ಪ್ರಬಂಧದಿಂದ ಈ ಲೆಕ್ಕ ಹೆಸರಾಯಿತು. ಸೂತ್ರ ಚಿಕ್ಕದು, k ಎಂದರೆ ಹೇಳಿಕೆಗಳ ಸಂಖ್ಯೆ:

```
alpha = k/(k-1) × (1 − ಹೇಳಿಕೆಗಳ ವೇರಿಯನ್ಸ್ ಮೊತ್ತ / ಒಟ್ಟು ಅಂಕದ ವೇರಿಯನ್ಸ್)
      = 12/11 × (1 − 12/42.4) = 0.78
```

ಹೇಳಿಕೆಗಳ ನಡುವೆ ಯಾವ ಸಂಬಂಧವೂ ಇಲ್ಲದಿದ್ದರೆ ಒಟ್ಟು ಅಂಕದ ವೇರಿಯನ್ಸ್ 12 ಆಗುತ್ತಿತ್ತು. ಇಲ್ಲಿ ಅದು 42.4. ಜಾಸ್ತಿ ಬಂದ 30.4 ಹೇಳಿಕೆಗಳ ಜೋಡಿಗಳಿಂದ ಬಂದದ್ದು. ಆಲ್ಫಾ ನೋಡುವುದು ಇಷ್ಟನ್ನೇ: ಜೋಡಿಗಳಿಂದ ಒಟ್ಟಾರೆ ಎಷ್ಟು ಬಂತು? ಆ ಜೋಡಿಗಳು ಎಲ್ಲಿಯವು ಎಂದು ಅದು ಕೇಳುವುದಿಲ್ಲ. ಈ 30.4ರಲ್ಲಿ ಎರಡು ಗುಂಪುಗಳನ್ನು ಬೆಸೆಯುವ ಜೋಡಿಗಳ ಪಾಲು 3.2 ಮಾತ್ರ. ಉಳಿದ 27.2 ಆಯಾ ಗುಂಪಿನ ಒಳಗಿನದ್ದು. ಆದರೂ ಉತ್ತರ 0.78. ಗೈಡ್ ಒಪ್ಪುತ್ತಾರೆ, ಪ್ರಬಂಧ ಮುಂದೆ ಹೋಗುತ್ತದೆ.

ಆಲ್ಫಾ ಜಾಸ್ತಿ ಇದ್ದರೆ ಸ್ಕೇಲ್ ಒಂದೇ ವಿಷಯವನ್ನು ಅಳೆಯುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಅದು ಹಾಗಲ್ಲ. ಸ್ಕೇಲ್ ಒಂದೇ ವಿಷಯದ್ದು ಎಂದು ಮೊದಲೇ ಬೇರೆ ದಾರಿಯಿಂದ ಖಚಿತವಾಗಿದ್ದರೆ ಮಾತ್ರ ಆಲ್ಫಾ ಅದರ ವಿಶ್ವಾಸಾರ್ಹತೆಯನ್ನು ಹೇಳುತ್ತದೆ. ಕ್ರಮ ತಲೆಕೆಳಗಾದರೆ ಆಲ್ಫಾ ಏನನ್ನೂ ಸಾಬೀತು ಮಾಡುವುದಿಲ್ಲ.

"ಈ ಹೇಳಿಕೆ ತೆಗೆದರೆ ಆಲ್ಫಾ ಎಷ್ಟು" ಎಂದು ಸಾಫ್ಟ್‌ವೇರ್ ಒಂದು ಕಾಲಂ ಕೊಡುತ್ತದೆ. ಹೇಳಿಕೆ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಹೆಚ್ಚಿನವರು ಅದನ್ನೇ ನೋಡಿ ತೀರ್ಮಾನಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಒಂದು ಉಲ್ಟಾ ಹೇಳಿಕೆ ತೆಗೆದರೂ ಆಲ್ಫಾ 0.78ರಲ್ಲೇ ನಿಲ್ಲುತ್ತದೆ. ಒಂದು ನೇರ ಹೇಳಿಕೆ ತೆಗೆದರೆ 0.76. ಈ ಕಾಲಂ ನೋಡಿದವರಿಗೆ ಯಾವ ಅನುಮಾನವೂ ಬರುವುದಿಲ್ಲ. ಪ್ರತಿ ಹೇಳಿಕೆಗೂ ಉಳಿದ ಹೇಳಿಕೆಗಳ ಮೊತ್ತಕ್ಕೂ ಇರುವ ಕೋರಿಲೇಶನ್ ಸ್ವಲ್ಪ ಉತ್ತಮ ಸುಳಿವು. ನೇರ ಹೇಳಿಕೆಗಳಲ್ಲಿ ಅದು 0.50, ಉಲ್ಟಾ ಹೇಳಿಕೆಗಳಲ್ಲಿ 0.26. ಆದರೆ 0.30ಕ್ಕಿಂತ ಕಡಿಮೆ ಇದ್ದದ್ದನ್ನು ಕಿತ್ತುಹಾಕು ಎಂಬ ನಿಯಮ ಹಿಡಿದು ನಾಲ್ಕನ್ನೂ ಸುಮ್ನೆ ಅಳಿಸಿಬಿಟ್ಟರೆ, ಅವು ನಾಲ್ಕೂ ತಮ್ಮೊಳಗೆ ಚೆನ್ನಾಗಿ ಹೊಂದುತ್ತವೆ ಎಂಬ ಮುಖ್ಯ ವಿಷಯವೇ ತಪ್ಪಿಹೋಗುತ್ತದೆ.

ಇನ್ನೊಂದು ಅಪಾಯ ಇದೆ. ಅವಳು ಉಲ್ಟಾ ಹೇಳಿಕೆಗಳ ಅಂಕ ತಿರುಗಿಸುವುದನ್ನೇ ಮರೆತಳು ಎಂದುಕೊಳ್ಳಿ. ಹಾಗಾದರೆ ಆಲ್ಫಾ ನೆಲಕಚ್ಚುತ್ತದೆ, ತಪ್ಪು ತಾನಾಗಿ ಗೊತ್ತಾಗುತ್ತದೆ ಎಂದು ಪಾಠಗಳಲ್ಲಿ ಹೇಳುತ್ತಾರೆ. ಇಲ್ಲಿ ಎರಡು ಗುಂಪುಗಳ ನಡುವಿನ 0.05 ಮೈನಸ್ 0.05 ಆಗುತ್ತದೆ, ಒಟ್ಟು ವೇರಿಯನ್ಸ್ 36ಕ್ಕೆ ಇಳಿಯುತ್ತದೆ, ಆಲ್ಫಾ 0.73 ಬರುತ್ತದೆ. ತಪ್ಪು ಅಂಕ ಕೂಡಿಸಿದ ಸ್ಕೇಲ್ ಕೂಡ 0.70ರ ಗೆರೆ ದಾಟಿತು! ಹೇಳಿಕೆ ಮತ್ತು ಉಳಿದ ಮೊತ್ತದ ಕೋರಿಲೇಶನ್ ಕೂಡ ಮೈನಸ್ ಆಗುವುದಿಲ್ಲ, 0.14 ಆಗುತ್ತದೆ. ಇದು ಗೊತ್ತಾಗುವುದು 12 ಹೇಳಿಕೆಗಳ ಕೋರಿಲೇಶನ್ ಕೋಷ್ಟಕವನ್ನು ಕಣ್ಣಾರೆ ನೋಡಿದಾಗ ಮಾತ್ರ.

ಎರಡು ಭಾಗ ಮಾಡಿ ನೋಡುವ ವಿಧಾನ

ನರ್ಸಿಂಗ್ ಪ್ರಬಂಧಗಳಲ್ಲಿ ಇದು ಈಗಲೂ ಕಾಣುತ್ತದೆ. ಸ್ಕೇಲನ್ನು ಇಬ್ಭಾಗ ಮಾಡಿ, ಎರಡು ಭಾಗಗಳ ಮೊತ್ತಗಳ ನಡುವೆ ಕೋರಿಲೇಶನ್ ತೆಗೆದು, ಅರ್ಧ ಉದ್ದದ್ದನ್ನು ಪೂರ್ತಿ ಉದ್ದಕ್ಕೆ ಏರಿಸಲು 1910ರಿಂದ ಇರುವ ಸ್ಪಿಯರ್‌ಮನ್–ಬ್ರೌನ್ ಸೂತ್ರ ಹಾಕುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದು ದೊಡ್ಡ ಅನುಕೂಲವಾಗಿತ್ತು. ಇವತ್ತು ಹೊಸ ಮನೋಭಾವ ಸ್ಕೇಲ್‌ಗೆ ಇದನ್ನೊಂದನ್ನೇ ಕೊಡುವುದನ್ನು ನಾನು ಒಪ್ಪುವುದಿಲ್ಲ. ಕಾರಣ ನಮ್ಮ ಉದಾಹರಣೆಯಲ್ಲೇ ಇದೆ.

ಒಂದೊಂದು ಭಾಗಕ್ಕೂ ನಾಲ್ಕು ನೇರ, ಎರಡು ಉಲ್ಟಾ ಹೇಳಿಕೆ ಬರುವಂತೆ ಹಂಚಿದರೆ ಉತ್ತರ 0.83. ನಾಲ್ಕು ಉಲ್ಟಾ ಹೇಳಿಕೆಗಳೂ ಒಂದೇ ಭಾಗಕ್ಕೆ ಬಿದ್ದರೆ 0.57. ಅದೇ ಮಕ್ಕಳು, ಅದೇ ಉತ್ತರಗಳು, ಅದೇ ಸ್ಕೇಲ್. 12 ಹೇಳಿಕೆಗಳನ್ನು ಆರು ಆರಾಗಿ ಹಂಚಲು 462 ದಾರಿಗಳಿವೆ. ಸಮ ಸಂಖ್ಯೆ, ಬೆಸ ಸಂಖ್ಯೆ ಎಂದು ಹಂಚುವುದು ಅವುಗಳಲ್ಲಿ ಒಂದು, ಅಷ್ಟೇ. ಉತ್ತರವು ಹೇಳಿಕೆಗಳು ಯಾವ ಕ್ರಮದಲ್ಲಿ ಅಚ್ಚಾಗಿವೆ ಎಂಬುದನ್ನು ಅವಲಂಬಿಸಿದರೆ ಅದನ್ನು ಸ್ಕೇಲಿನ ಗುಣ ಎಂದು ಹೇಗೆ ಬರೆಯುವುದು?

ಆದರೂ ಇದಕ್ಕೆ ಒಂದು ಒಳ್ಳೆಯ ಉಪಯೋಗ ಇದೆ. ಎಲ್ಲ ಹಂಚಿಕೆಗಳಲ್ಲಿ ಅತಿ ಕಡಿಮೆ ಎಷ್ಟು, ಅತಿ ಜಾಸ್ತಿ ಎಷ್ಟು ಎಂದು ಲೆಕ್ಕ ಮಾಡಿಸಿ. ಅಂತರ ದೊಡ್ಡದಿದ್ದರೆ ಸ್ಕೇಲಿನ ಒಳಗೆ ಒಂದಕ್ಕಿಂತ ಹೆಚ್ಚು ಗುಂಪು ಇರುವ ಸಾಧ್ಯತೆ ಇದೆ.

ಪ್ರಬಂಧದಲ್ಲಿ ಮನೋಭಾವದ ಜೊತೆ ಜ್ಞಾನದ ಪ್ರಶ್ನೆಪತ್ರಿಕೆಯೂ ಇದ್ದರೆ, ಸರಿ–ತಪ್ಪು ಎಂದು 1, 0 ಅಂಕ ಕೊಡುವ ಆ ಭಾಗಕ್ಕೆ 1937ರ ಕೂಡರ್–ರಿಚರ್ಡ್‌ಸನ್ 20 ಸೂತ್ರ ಬಳಸುತ್ತಾರೆ. 0, 1 ಅಂಕಗಳಿಗೆ ಆಲ್ಫಾ ಹಾಕಿದರೂ ಅದೇ ಉತ್ತರ ಬರುತ್ತದೆ. ಐದು ಅಂಕದ ಮನೋಭಾವ ಹೇಳಿಕೆಗಳಿಗೆ ಅದು ಬೇಡ.

ಒಮೆಗಾ

ಆಲ್ಫಾಗೆ ಒಂದು ಷರತ್ತು ಇದೆ. ಒಳಗಿನ ಮನೋಭಾವವನ್ನು ಪ್ರತಿ ಹೇಳಿಕೆಯೂ ಒಂದೇ ಬಲದಿಂದ ಹಿಡಿಯಬೇಕು. ಹೊಸದಾಗಿ ಬರೆದ ಹೇಳಿಕೆಗಳಲ್ಲಿ ಹಾಗಾಗುವುದು ಅಪರೂಪ. ಕೆಲವು ಗಟ್ಟಿಯಾಗಿ ಹಿಡಿಯುತ್ತವೆ, ಕೆಲವು ಸಡಿಲ. ಆಗ ಆಲ್ಫಾ ಸ್ವಲ್ಪ ಕಡಿಮೆ ತೋರಿಸುತ್ತದೆ. ಮೆಕ್‌ಡೊನಾಲ್ಡ್ ಅವರ ಒಮೆಗಾ ಪ್ರತಿ ಹೇಳಿಕೆಯ ಬಲವನ್ನು ಫ್ಯಾಕ್ಟರ್ ವಿಶ್ಲೇಷಣೆಯಿಂದ ತೆಗೆದುಕೊಂಡು ಲೆಕ್ಕ ಹಾಕುತ್ತದೆ. ನಾಲ್ಕು ಹೇಳಿಕೆಗಳ ಬಲ 0.9, 0.7, 0.5, 0.3 ಎಂದಿದ್ದರೆ ಒಮೆಗಾ 0.71, ಆಲ್ಫಾ 0.68. ವ್ಯತ್ಯಾಸ ಚಿಕ್ಕದೇ. ಆದರೆ 0.70ರ ಗೆರೆಯ ಆಚೆ ಈಚೆ ಬೀಳಲು ಅಷ್ಟು ಸಾಕು. ಬಲಗಳು ಸಮವಾಗಿದ್ದರೆ ಎರಡೂ ಒಂದೇ ಬರುತ್ತವೆ. ಹಾಗಾಗಿ ಒಮೆಗಾ ಆರಿಸಿಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ.

ಆದರೆ ಒಮೆಗಾ ಹಾಕಿದರೆ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ನಮ್ಮ 12 ಹೇಳಿಕೆಗಳಿಗೆ ಒಂದೇ ಫ್ಯಾಕ್ಟರ್ ಎಂದು ಒತ್ತಾಯ ಮಾಡಿ ಒಮೆಗಾ ತೆಗೆದರೆ ಅದೂ 0.77ರ ಆಸುಪಾಸು ಬರುತ್ತದೆ. ಅದೂ ನಮ್ಮನ್ನು ಎಚ್ಚರಿಸಲಿಲ್ಲ. ಎಚ್ಚರಿಸುವುದು ಅದರ ಜೊತೆಗೆ ಬರುವ ಬಲಗಳ ಪಟ್ಟಿ: ನೇರ ಹೇಳಿಕೆಗಳದ್ದು 0.63ರ ಹತ್ತಿರ, ಉಲ್ಟಾ ಹೇಳಿಕೆಗಳದ್ದು 0.1ರ ಹತ್ತಿರ. ನಾಲ್ಕು ಹೇಳಿಕೆಗಳು ಈ ಫ್ಯಾಕ್ಟರ್‌ಗೆ ಸೇರಿಯೇ ಇಲ್ಲ ಎಂದು ಆ ಪಟ್ಟಿ ಸ್ಪಷ್ಟವಾಗಿ ಹೇಳುತ್ತದೆ. ನನಗೆ ಒಮೆಗಾ ಹೆಚ್ಚು ಇಷ್ಟವಾಗಲು ಇದೇ ಕಾರಣ. ಅದನ್ನು ತೆಗೆಯಲು ಹೊರಟವರು ಈ ಪಟ್ಟಿಯನ್ನು ನೋಡಲೇಬೇಕಾಗುತ್ತದೆ.

ಎಲ್ಲಕ್ಕಿಂತ ಸುಲಭದ ಪರೀಕ್ಷೆಗೆ ವಿಶೇಷ ಸಾಫ್ಟ್‌ವೇರ್ ಕೂಡ ಬೇಡ. ನೇರ ಎಂಟರ ಮೊತ್ತ ಒಂದು ಕಾಲಂ, ತಿರುಗಿಸಿದ ಉಲ್ಟಾ ನಾಲ್ಕರ ಮೊತ್ತ ಇನ್ನೊಂದು ಕಾಲಂ. ಎರಡರ ನಡುವೆ ಕೋರಿಲೇಶನ್ ತೆಗೆಯಿರಿ. ನಮ್ಮಲ್ಲಿ ಅದು 0.10. ಒಂದೇ ಮನೋಭಾವದ ಎರಡು ತುಂಡುಗಳಾಗಿದ್ದರೆ ಸಾಮಾನ್ಯವಾಗಿ ಇಷ್ಟು ಕಡಿಮೆ ಬರುವುದಿಲ್ಲ. ಈಗ ಪ್ರತ್ಯೇಕವಾಗಿ ನೋಡಿದರೆ ಎಂಟರ ಆಲ್ಫಾ 0.84, ನಾಲ್ಕರ ಆಲ್ಫಾ 0.73. ಎರಡು ಸಣ್ಣ ಸ್ಕೇಲ್‌ಗಳು ತಮ್ಮ ತಮ್ಮಲ್ಲಿ ಚೆನ್ನಾಗಿವೆ. ಕೂಡಿಸಿ ಒಂದೇ ಅಂಕ ಕೊಟ್ಟದ್ದೇ ಸರಿಯಲ್ಲ.

ಆರ್ಡಿನಲ್ ಆಲ್ಫಾ

"ರೋಗಿಯನ್ನು ಗೌರವದಿಂದ ಕಾಣಬೇಕು" ಎಂದು ಕೇಳಿದರೆ ಯಾವ ನರ್ಸಿಂಗ್ ವಿದ್ಯಾರ್ಥಿ ಒಪ್ಪುವುದಿಲ್ಲ ಎನ್ನುತ್ತಾನೆ? ಎಲ್ಲರೂ 4, 5 ಹಾಕುತ್ತಾರೆ. ಉತ್ತರಗಳು ಒಂದೇ ತುದಿಗೆ ಸೇರಿದಾಗ ಮಾಮೂಲಿ ಕೋರಿಲೇಶನ್ ಇಳಿಯುತ್ತದೆ, ಆಲ್ಫಾವೂ ಇಳಿಯುತ್ತದೆ. ಆರ್ಡಿನಲ್ ಆಲ್ಫಾ ಪಾಲಿಕೋರಿಕ್ ಕೋರಿಲೇಶನ್ ಬಳಸುತ್ತದೆ. 1ರಿಂದ 5ರ ಹಿಂದೆ ಒಂದು ಅಖಂಡ ಅಳತೆ ಇದೆ ಎಂದು ಊಹಿಸಿ ಲೆಕ್ಕ ಮಾಡುತ್ತದೆ. ಸಾಮಾನ್ಯವಾಗಿ ಉತ್ತರ ಮೇಲೆ ಹೋಗುತ್ತದೆ, ಅದಕ್ಕೇ ಇದು ಆಕರ್ಷಕ.

ಇದನ್ನು ಮುಖ್ಯ ಅಂಕಿಯಾಗಿ ಕೊಡಬೇಡಿ ಎಂದು ನನ್ನ ಸಲಹೆ. ನೀವು ಕೊನೆಗೆ ಬಳಸುವುದು 1ರಿಂದ 5ರ ಅಂಕಗಳನ್ನು ಕೂಡಿಸಿದ ಮೊತ್ತವನ್ನು. ಆರ್ಡಿನಲ್ ಆಲ್ಫಾ ಹೇಳುವುದು ನಿಮ್ಮ ಕೈಯಲ್ಲಿ ಇಲ್ಲದ, ಊಹೆಯ ಅಖಂಡ ಅಂಕಗಳ ವಿಶ್ವಾಸಾರ್ಹತೆಯನ್ನು. ಸಣ್ಣ ಗುಂಪಿನಲ್ಲಿ ಇನ್ನೊಂದು ತೊಂದರೆ ಇದೆ. 1 ಮತ್ತು 2ನ್ನು ಯಾರೂ ಆರಿಸದೆ ಕೋಷ್ಟಕದ ಆ ಮನೆಗಳು ಖಾಲಿ ಉಳಿದರೆ ಪಾಲಿಕೋರಿಕ್ ಲೆಕ್ಕ ಅಲುಗಾಡುತ್ತದೆ. ಎಲ್ಲರೂ ಒಪ್ಪುವ ಹೇಳಿಕೆಗೆ ನಿಜವಾದ ಮದ್ದು ಹೇಳಿಕೆಯನ್ನೇ ತಿದ್ದುವುದು. "ಶನಿವಾರ ಸಂಜೆ ಮನೆ ಭೇಟಿಗೆ ಕರೆದರೆ ಸಂತೋಷದಿಂದ ಹೋಗುತ್ತೇನೆ" ಎಂದು ಬರೆಯಿರಿ. ಆಗ ಉತ್ತರಗಳು ಹರಡಿಕೊಳ್ಳುತ್ತವೆ.

ಹಾಗಾದರೆ ಯಾವುದನ್ನು ಆರಿಸುವುದು?

ನಾನು ಹೇಳುವ ಕ್ರಮ ಇದು. ಅಂಕ ತಿರುಗಿಸಿ, ಕೋರಿಲೇಶನ್ ಕೋಷ್ಟಕ ನೋಡಿ, ಎಷ್ಟು ಗುಂಪುಗಳಿವೆ ಎಂದು ಫ್ಯಾಕ್ಟರ್ ವಿಶ್ಲೇಷಣೆಯಿಂದ ತಿಳಿದುಕೊಳ್ಳಿ. ಆಮೇಲೆ ಪ್ರತಿ ಗುಂಪಿಗೂ ಬೇರೆ ಬೇರೆಯಾಗಿ ಒಮೆಗಾ ತೆಗೆಯಿರಿ. ಪರೀಕ್ಷಕರಿಗೆ ಪರಿಚಯ ಇರುವುದರಿಂದ ಪಕ್ಕದಲ್ಲಿ ಆಲ್ಫಾವನ್ನೂ ಕೊಡಿ. ಉಚಿತವಾಗಿ ಸಿಗುವ jamovi ಬಳಸಿದರೆ Factor ಅಡಿಯಲ್ಲಿ Reliability Analysis ಒತ್ತಿ. McDonald's ω, Cronbach's α ಮತ್ತು ಕೋರಿಲೇಶನ್ ಚಿತ್ರ ಅಲ್ಲೇ ಇವೆ. R ಗೊತ್ತಿದ್ದವರಿಗೆ ಇಷ್ಟು ಸಾಕು:

```
library(psych)
ulta <- c("q3","q6","q9","q12")
nera <- setdiff(names(d), ulta)
d[ulta] <- 6 - d[ulta]
lowerCor(d)
fa.parallel(d)
splitHalf(d)
alpha(d[nera]); omega(d[nera], nfactors = 1)
alpha(d[ulta]); omega(d[ulta], nfactors = 1)
```

ಇಲ್ಲಿ `d` ಅಂದರೆ 12 ಕಾಲಂಗಳ ಡೇಟಾ ಮಾತ್ರ. ಹೆಸರು, ವಯಸ್ಸು, ವರ್ಷದ ಕಾಲಂಗಳು ಒಳಗೆ ಇರಬಾರದು.

ಎರಡು ಗುಂಪು ಕಂಡಿತು ಎಂದರೆ ಕೆಲಸ ಮುಗಿಯಲಿಲ್ಲ. ಅವು ನಿಜವಾಗಿ ಎರಡು ಮನೋಭಾವಗಳೋ, ಇಲ್ಲ ಹೇಳಿಕೆ ಬರೆದ ರೀತಿಯಿಂದ ಹುಟ್ಟಿದ ಭ್ರಮೆಯೋ ಎಂದು ತಿಳಿಯಬೇಕು. ಎರಡೂ ಸಾಧ್ಯ. ಮನೆ ಆರೈಕೆಯನ್ನು ಗೌರವಿಸುವವಳಿಗೂ ಅದು ಹೊರೆ ಅನಿಸಬಹುದು, ಅದು ಬೇರೆಯೇ ಮನೋಭಾವ. ಇನ್ನೊಂದು ಕಡೆ, "ಅರ್ಥವಿಲ್ಲ" ಎಂಬ ಹೇಳಿಕೆಗೆ "ಒಪ್ಪುವುದಿಲ್ಲ" ಎಂದು ಗುರುತು ಹಾಕಬೇಕಾದಾಗ ಅವಸರದಲ್ಲಿ ಓದುವವರು ಎಡವುತ್ತಾರೆ.

ಇದನ್ನು ಬಿಡಿಸುವ ದಾರಿ ಇದೆ. ಉಲ್ಟಾ ನಾಲ್ಕರಲ್ಲಿ ಎರಡನ್ನು ಅದೇ ವಿಷಯ ಇಟ್ಟುಕೊಂಡು ನೇರವಾಗಿ ಬರೆಯಿರಿ: "ಗುಣವಾಗದ ರೋಗಿಗೂ ಇಷ್ಟು ಸಮಯ ಕೊಡುವುದು ಸಾರ್ಥಕ." ನೇರ ಎಂಟರಲ್ಲಿ ಎರಡನ್ನು ಉಲ್ಟಾ ಮಾಡಿ. ಹೊಸ ಬ್ಯಾಚ್‌ಗೆ ಕೊಟ್ಟು ನೋಡಿ. ಬದಲಾದ ಹೇಳಿಕೆಗಳು ತಮ್ಮ ಹಳೆಯ ಗುಂಪಿನಲ್ಲೇ ಉಳಿದರೆ ವಿಷಯವೇ ಬೇರೆ, ಎರಡು ಉಪ ಸ್ಕೇಲ್ ಇಟ್ಟುಕೊಂಡು ಎರಡು ಅಂಕ ಕೊಡಿ. ಅವು ಗುಂಪು ಬದಲಿಸಿ ವಾಕ್ಯದ ರೀತಿಯ ಜೊತೆ ಹೋದರೆ ತೊಂದರೆ ಬರವಣಿಗೆಯದ್ದು, ಉಲ್ಟಾ ಹೇಳಿಕೆಗಳನ್ನು ಬಿಟ್ಟು ಮತ್ತೆ ಬರೆಯಿರಿ. ಜೊತೆಗೆ ಕೆಲವು ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಹೇಳಿಕೆ ಓದಿ ಏನು ಅರ್ಥವಾಯಿತು ಎಂದು ಜೋರಾಗಿ ಹೇಳಿಸಿದರೆ ಎಲ್ಲಿ ಎಡವುತ್ತಾರೆ ಎಂದು ಬೇಗ ಗೊತ್ತಾಗುತ್ತದೆ.

ಎಷ್ಟು ಮಂದಿ, ಯಾವ ಭಾಷೆಯವರು

ಪೈಲಟ್ ಎಂದರೆ 30 ಜನ ಎಂಬ ರೂಢಿ ಇದೆ. 30 ಜನರಿಂದ ಬಂದ 0.78ರ ನಿಜವಾದ ಬೆಲೆ ಶೇಕಡಾ 95ರ ಭರವಸೆಯಲ್ಲಿ ಸುಮಾರು 0.65ರಿಂದ 0.88ರ ನಡುವೆ ಎಲ್ಲಾದರೂ ಇರಬಹುದು. 200 ಜನರಾದರೆ ಅದು ಸುಮಾರು 0.73ರಿಂದ 0.82ಕ್ಕೆ ಕಿರಿದಾಗುತ್ತದೆ. 30 ಜನರ ಪೈಲಟ್ ಹೇಳಿಕೆಗಳು ಅರ್ಥವಾಗುತ್ತವೆಯೇ ಎಂದು ನೋಡಲು ಸಾಕು. ಫ್ಯಾಕ್ಟರ್ ವಿಶ್ಲೇಷಣೆಗೆ, ಹೇಳಿಕೆ ಕಿತ್ತುಹಾಕುವ ತೀರ್ಮಾನಕ್ಕೆ ಸಾಲದು.

ಹೇಳಿಕೆಗಳ ಸಂಖ್ಯೆ ಹೆಚ್ಚಿಸಿ ಆಲ್ಫಾ ಏರಿಸುವುದೂ ಬೇಡ. ಸರಾಸರಿ ಕೋರಿಲೇಶನ್ 0.20 ಇದ್ದಾಗ 12 ಹೇಳಿಕೆಗಳಿಗೆ ಆಲ್ಫಾ 0.75. ಅದೇ ಗುಣಮಟ್ಟದ 24 ಹೇಳಿಕೆಗಳಿಗೆ 0.86. ಹೇಳಿಕೆಗಳು ಉತ್ತಮವಾಗಲಿಲ್ಲ, ಪಟ್ಟಿ ಉದ್ದವಾಯಿತು. ಅದಕ್ಕೆ ಹೇಳಿಕೆಗಳ ನಡುವಿನ ಸರಾಸರಿ ಕೋರಿಲೇಶನ್ ಕೂಡ ಕೊಡಿ. ಅದು 0.15ರಿಂದ 0.50ರ ಒಳಗಿರಲಿ ಎಂಬುದು ಒಪ್ಪಿತ ಸಲಹೆ. ಆದರೆ ಅದೂ ಸರಾಸರಿಯೇ. ನಮ್ಮ 12ರ ಸರಾಸರಿ 0.23, ಈ ಮಿತಿಯೊಳಗೇ ಇದೆ. ಕೋಷ್ಟಕ ನೋಡುವುದನ್ನು ಇದು ತಪ್ಪಿಸುವುದಿಲ್ಲ.

ಗಡಿ ಜಿಲ್ಲೆಯವರು ಇನ್ನೊಂದು ವಿಷಯ ಗಮನಿಸಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಮಕ್ಕಳೂ ಮಲಯಾಳ ಮಾಧ್ಯಮದಲ್ಲಿ ಓದಿದವರೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ಸ್ಕೇಲನ್ನು ಎರಡು ಭಾಷೆಯಲ್ಲಿ ಕೊಟ್ಟು ಎಲ್ಲರ ಉತ್ತರವನ್ನೂ ಒಟ್ಟು ಸೇರಿಸಿ ಒಂದೇ ಆಲ್ಫಾ ತೆಗೆಯಬಾರದು. ಒಂದು ಭಾಷೆಯ ರೂಪದಲ್ಲಿ ಎಲ್ಲ ಹೇಳಿಕೆಗಳಿಗೂ ಅಂಕ ಸ್ವಲ್ಪ ಮೇಲೆ ಬಿದ್ದರೆ, ಆ ಗುಂಪಿನ ವ್ಯತ್ಯಾಸವೇ ಹೇಳಿಕೆಗಳ ನಡುವೆ ಕೋರಿಲೇಶನ್ ಆಗಿ ಕಾಣುತ್ತದೆ, ಆಲ್ಫಾ ಉಬ್ಬುತ್ತದೆ. ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ ಬೆರೆಸಿದಾಗಲೂ ಹೀಗೆ ಆಗಬಹುದು. ಕನ್ನಡ ರೂಪಕ್ಕೆ ಒಂದು, ಮಲಯಾಳ ರೂಪಕ್ಕೆ ಒಂದು ಎಂದು ಬೇರೆ ಬೇರೆ ತೆಗೆಯಿರಿ.

ಪ್ರಬಂಧದಲ್ಲಿ "ಸ್ಕೇಲಿನ ವಿಶ್ವಾಸಾರ್ಹತೆ 0.78" ಎಂದು ಒಂದೇ ಸಾಲು ಬರೆದು ಮುಗಿಸಬೇಡಿ. ಯಾರಿಂದ, ಎಷ್ಟು ಜನರಿಂದ, ಯಾವ ಭಾಷೆಯಲ್ಲಿ ಉತ್ತರ ಬಂತು, ಎಷ್ಟು ಫ್ಯಾಕ್ಟರ್ ಕಂಡಿತು, ಪ್ರತಿ ಉಪ ಸ್ಕೇಲ್‌ನಲ್ಲಿ ಎಷ್ಟು ಹೇಳಿಕೆ, ಅದರ ಒಮೆಗಾ ಎಷ್ಟು, ಆಲ್ಫಾ ಎಷ್ಟು, ಭರವಸೆಯ ವ್ಯಾಪ್ತಿ ಎಷ್ಟು, ಉಪ ಸ್ಕೇಲ್‌ಗಳ ನಡುವೆ ಕೋರಿಲೇಶನ್ ಎಷ್ಟು ಎಂದು ಬರೆಯಿರಿ. ಹೇಳಿಕೆ ಕೈಬಿಟ್ಟಿದ್ದರೆ ಯಾವುದು, ಯಾಕೆ ಎಂದೂ ಇರಲಿ. ಕೈಬಿಟ್ಟ ಮೇಲೆ ಬಂದ ಅಂಕಿಯನ್ನು ಅದೇ ಮಕ್ಕಳ ಉತ್ತರದಿಂದ ತೆಗೆದಿದ್ದರೆ ಅದು ನಿಜಕ್ಕಿಂತ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಹೊಸ ಬ್ಯಾಚ್‌ನಲ್ಲಿ ಮತ್ತೆ ತೆಗೆದು ಆ ಅಂಕಿಯನ್ನು ಕೊಡಿ.